ನಲವತ್ತು ಗಂಟೆ ಮುಚ್ಚಿದ್ದ ಬುತ್ತಿ

(ಉಡುಪಿಯಲ್ಲಿ ಕತೆ ಓದುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಕತೆ ಹೇಗೆ ಆಯಿತು ಅನ್ನೋದನ್ನು ಹೇಳಿ ಅಂತ ಕೇಳಿದ್ದೀರಿ. ನಾನು ಬರೆದದ್ದರಲ್ಲಿ ಒಂದೇ ಒಂದು ಕತೆಯನ್ನು ತಂದಿದ್ದೇನೆ. ಅದನ್ನು ಪೂರ್ತಿ ಓದುವುದಿಲ್ಲ. ಹೇಳುತ್ತಾ ಹೋಗುತ್ತೇನೆ. ನಡುನಡುವೆ ನಿಂತು, ಆ ಜಾಗದಲ್ಲಿ ನಾನು ಏನನ್ನು ತಪ್ಪು ಬರೆದಿದ್ದೆ, ಯಾಕೆ ಬದಲಿಸಿದೆ ಅಂತ ಹೇಳುತ್ತೇನೆ.

ಕತೆ ನಡೆಯುವುದು ಮಂಗಳೂರಿನ ಬಿಜೈ ಕಡೆಯ ಒಂದು ಆಫೀಸಿನಲ್ಲಿ. ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳನ್ನು ಇಲ್ಲಿ ಕೂತು ಪರೀಕ್ಷೆ ಮಾಡುವ ಕೆಲಸ. ಅಲ್ಲಿ ಬೆಳಗಾಗುವಾಗ ನಮಗೆ ರಾತ್ರಿ, ಹಾಗಾಗಿ ಆಫೀಸು ಮಲಗುವುದೇ ಇಲ್ಲ. ಮೇಜುಗಳು ಕಡಿಮೆ, ಜನ ಜಾಸ್ತಿ. ಒಂದೇ ಮೇಜಿಗೆ ಹಗಲು ಒಬ್ಬರು, ರಾತ್ರಿ ಒಬ್ಬರು. ಅವರು ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ನಾನೂ ಇಂಥ ಕೆಲಸದಲ್ಲಿ ಕೆಲವು ವರ್ಷ ರಾತ್ರಿ ಕಳೆದವನು. ನನ್ನ ಮೇಜಿನ ಹಗಲಿನವರು ಯಾರು ಅಂತ ನನಗೆ ಕೊನೆಗೂ ಗೊತ್ತಾಗಲಿಲ್ಲ. ಕತೆ ಹುಟ್ಟಿದ್ದು ಅಲ್ಲಿಂದ.

ಕತೆಯ ಹುಡುಗನ ಹೆಸರು ದಿನೇಶ. ಸುರತ್ಕಲ್‌ನಿಂದ ಬರುತ್ತಾನೆ. ರಾತ್ರಿ ಒಂಬತ್ತಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೋಗುತ್ತಾನೆ. ಅವನ ಮೇಜಿಗೆ ಎರಡು ಡ್ರಾಯರ್. ಮೇಲಿನದು ಅವನದು, ಕೆಳಗಿನದು ಹಗಲಿನವರದು. ಹಗಲು ಕೂರುವವಳು ಹೆಂಗಸು ಅಂತ ಅವನಿಗೆ ಗೊತ್ತು. ಯಾಕೆಂದರೆ ಕೆಲವು ದಿನ ಮಾನಿಟರಿನ ಮೂಲೆಗೆ ಒಂದು ತುಂಡು ಮಲ್ಲಿಗೆ ಸಿಕ್ಕಿಸಿರುತ್ತದೆ. ಗಿಡ್ಡ ಅಂತಲೂ ಗೊತ್ತು. ದಿನಾ ರಾತ್ರಿ ಅವನು ಬಂದು ಕುರ್ಚಿಯನ್ನು ಎತ್ತರಿಸಬೇಕು. ಬೆಳಿಗ್ಗೆ ಅವಳು ಇಳಿಸುತ್ತಾಳೆ. ಅಷ್ಟೇ ಅವರಿಬ್ಬರ ಪರಿಚಯ.

ಜುಲೈ ತಿಂಗಳು, ಬುಧವಾರ ರಾತ್ರಿ. ಜೋರು ಮಳೆ. ದಿನೇಶ ಬಂದು ಕೂರುತ್ತಾನೆ. ಕುರ್ಚಿ ಅವನ ಎತ್ತರಕ್ಕೇ ಇದೆ. ಕೈ ಕುರ್ಚಿ ಎತ್ತರಿಸುವ ಹಿಡಿಗೆ ಹೋಗಿ, ಕೆಲಸವಿಲ್ಲದೆ ಹಿಂದೆ ಬರುತ್ತದೆ. ಹನ್ನೊಂದೂವರೆ ದಾಟಿದ ಮೇಲೆ ಹೆಡ್‌ಫೋನಿನ ಸ್ಪಂಜು ಕಿತ್ತು ಬರುತ್ತದೆ. ಹೊಸದು ಇರಬಹುದು ಅಂತ ಕೆಳಗಿನ ಡ್ರಾಯರ್ ಎಳೆಯುತ್ತಾನೆ. ಒಳಗೆ ಒಂದು ಸ್ಟೀಲಿನ ಬುತ್ತಿ. ಮೂರು ಅಂತಸ್ತಿನದು. ಪಕ್ಕದಲ್ಲಿ ತುಂಬಿದ ನೀರಿನ ಬಾಟಲಿ.

ಇಲ್ಲಿ ಮೊದಲ ಸಲ ನಿಲ್ಲುತ್ತೇನೆ.

ನಾನು ಮೊದಲು ಬರೆದಾಗ ದಿನೇಶ ಆ ಊಟವನ್ನು ಉಂಡಿದ್ದ. ಕ್ಯಾಂಟೀನು ಮುಚ್ಚಿದೆ, ಹಸಿವು ಜೋರು, ಒಗ್ಗರಣೆಯ ವಾಸನೆ ಬರುತ್ತಿದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಉಣ್ಣುತ್ತಾನೆ, ಉಣ್ಣುತ್ತಾ ಅವನಿಗೆ ಅಮ್ಮನ ನೆನಪಾಗುತ್ತದೆ. ಹಾಗೆ ಬರೆದಿದ್ದೆ. ಬರೆದು ಖುಷಿಯೂ ಪಟ್ಟಿದ್ದೆ. ನನ್ನ ಅತ್ತಿಗೆ ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವರು. ಅವರಿಗೆ ಓದಲು ಕೊಟ್ಟೆ. ಓದಿದವರು ಕತೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಈ ಬುತ್ತಿ ಕಟ್ಟಿದ್ದು ಎಷ್ಟು ಗಂಟೆಗೆ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ನನ್ನದೇ ಕತೆಯ ಬುತ್ತಿ ಯಾವಾಗ ಕಟ್ಟಿದ್ದು ಅಂತ ನಾನು ಯೋಚನೆಯೇ ಮಾಡಿರಲಿಲ್ಲ.

ಕೂತು ಲೆಕ್ಕ ಹಾಕಿದೆವು. ಅವಳು ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಬುತ್ತಿ ಕಟ್ಟಿದ್ದಾಳೆ. ದಿನೇಶ ತೆರೆಯುವುದು ಬುಧವಾರ ರಾತ್ರಿ ಹನ್ನೊಂದೂ ನಲವತ್ತಕ್ಕೆ. ಒಂದು ಪೂರ್ತಿ ದಿನ, ಮತ್ತೆ ಹದಿನಾರು ಗಂಟೆ ಇಪ್ಪತ್ತೈದು ನಿಮಿಷ. ಒಟ್ಟು ನಲವತ್ತು ಗಂಟೆ ಅಂತಿಟ್ಟುಕೊಳ್ಳಿ. ನಿನ್ನೆಯ ಬುತ್ತಿ ಅಂತ ಬಾಯಲ್ಲಿ ಹೇಳುವಾಗ ಹತ್ತಿರ ಅನ್ನಿಸುತ್ತದೆ. ನಲವತ್ತು ಗಂಟೆ ಅಂದಾಗ ಹಾಗಲ್ಲ, ಅಲ್ವಾ?

ಅತ್ತಿಗೆ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಇದೆ, ಬ್ಯಾಸಿಲಸ್ ಸೀರಿಯಸ್ ಅಂತ ಹೆಸರು. ಗದ್ದೆಯಿಂದ ಭತ್ತದ ಜೊತೆ ಅಕ್ಕಿಗೆ ಬರುತ್ತದೆ. ಅದು ಕಷ್ಟ ಬಂದಾಗ ಗಟ್ಟಿ ಚಿಪ್ಪು ಕಟ್ಟಿಕೊಂಡು ಒಳಗೆ ಮಲಗುತ್ತದೆ. ಅನ್ನ ಬೇಯುವ ಬಿಸಿಗೆ ಆ ಚಿಪ್ಪಿನೊಳಗಿನದ್ದು ಸಾಯುವುದಿಲ್ಲ. ಬದಲಿಗೆ ಎಚ್ಚರವಾಗುತ್ತದೆ. ಅನ್ನ ಆರುತ್ತಾ ಬಂದಾಗ ಹೊರಗೆ ಬಂದು ಬೆಳೆಯಲು ಶುರು ಮಾಡುತ್ತದೆ. ಬಿಸಿ ಅನ್ನವನ್ನು ಬುತ್ತಿಗೆ ತುಂಬಿ ಮುಚ್ಚಳ ಹಾಕಿದರೆ ಹಬೆ ನೀರಾಗಿ ಒಳಗೇ ಇಳಿಯುತ್ತದೆ. ಒದ್ದೆ ಇದೆ, ಹದವಾದ ಬಿಸಿ ಇದೆ, ತಿನ್ನಲು ಗಂಜಿಯ ಅಂಶ ಇದೆ. ಅದಕ್ಕೆ ಬೇಕಾದದ್ದೆಲ್ಲ ಒಂದೇ ಡಬ್ಬಿಯಲ್ಲಿ.

ಗಂಟೆಗೆ ಒಮ್ಮೆ ಇಮ್ಮಡಿ ಆಗುತ್ತದೆ ಅಂತಿಟ್ಟುಕೊಂಡು ಸುಮ್ನೆ ಲೆಕ್ಕ ಮಾಡಿ. ಒಂದು ಇದ್ದದ್ದು ಹತ್ತು ಗಂಟೆಯಲ್ಲಿ ಸಾವಿರ. ಇಪ್ಪತ್ತು ಗಂಟೆಯಲ್ಲಿ ಹತ್ತು ಲಕ್ಷ. ಎಲ್ಲಾ ಕಡೆ ಹೀಗೆ ಸರಿಯಾಗಿ ಬೆಳೆಯುತ್ತದೆ ಅಂತಲ್ಲ, ಒಂದು ಹಂತದಲ್ಲಿ ಜಾಗ, ಆಹಾರ ಮುಗಿದು ನಿಲ್ಲುತ್ತದೆ. ಆದರೆ ಬೆಳಗಿನ ಊಟ ಮಧ್ಯಾಹ್ನಕ್ಕೆ ಚೆನ್ನಾಗಿದ್ದು, ಮರುದಿನ ರಾತ್ರಿಗೆ ಯಾಕೆ ಬೇರೆಯೇ ವಸ್ತು ಆಗಿರುತ್ತದೆ ಅಂತ ನನಗೆ ತಿಳಿದದ್ದು ಈ ಲೆಕ್ಕದಿಂದ.

"ಮೈಕ್ರೋವೇವ್‌ನಲ್ಲಿ ಚೆನ್ನಾಗಿ ಬಿಸಿ ಮಾಡಿದ್ದಾನಲ್ಲ?" ಅಂತ ಕೇಳಿದೆ. ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಅದು ಅಷ್ಟರೊಳಗೆ ಅನ್ನಕ್ಕೆ ಬಿಟ್ಟ ವಿಷ ಸಾಯುವುದಿಲ್ಲ ಅಂದರು. ವಾಂತಿ ಮಾಡಿಸುವ ಆ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಹಾಗೇ ಉಳಿಯುತ್ತದೆ. ನಮ್ಮ ಕುಕ್ಕರಿನ ಒಳಗಿನ ಬಿಸಿ ಸುಮಾರು ಅಷ್ಟೇ. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಉಂಡು ಅರ್ಧ ಗಂಟೆಯಿಂದ ಆರು ಗಂಟೆಯ ಒಳಗೆ ವಾಂತಿ ಶುರುವಾಗುತ್ತದೆ. ಹೆಚ್ಚಿನವರಿಗೆ ಒಂದು ದಿನದಲ್ಲಿ ಸರಿಹೋಗುತ್ತದೆ. ಅಪರೂಪಕ್ಕೆ ಲಿವರಿಗೆ ಏಟು ಬಿದ್ದು ಜೀವಕ್ಕೇ ಬಂದದ್ದೂ ಉಂಟು.

ಅಂದರೆ ನನ್ನ ಕತೆಯಲ್ಲಿ ಅಮ್ಮನನ್ನು ನೆನೆಯುತ್ತಾ ಉಂಡ ಹುಡುಗ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತುತ್ತಿರಲಿಲ್ಲ. ಬಾತ್‌ರೂಮಿನಲ್ಲಿ ಇರುತ್ತಿದ್ದ.

ನನಗೆ ಇನ್ನೊಂದು ಪ್ರಶ್ನೆ ಇತ್ತು. ಆಫೀಸಿನಲ್ಲಿ ಹಗಲೂ ರಾತ್ರಿ ಎಸಿ ಇರುತ್ತದೆ. ನಾವು ಅಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆವು. ಅಷ್ಟು ಚಳಿಯಲ್ಲಿ ಊಟ ಹಾಳಾಗುತ್ತದಾ? ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ, ಎಸಿಯಲ್ಲಿ ಕೆಲಸ ಮಾಡುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಫ್ರಿಜ್ಜಿನ ಒಳಗೆ ಐದು ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. ಎಸಿ ರೂಮು ಇಪ್ಪತ್ತಮೂರು. ನಮ್ಮ ಮೈಗೆ ಅದು ಚಳಿ, ಯಾಕೆಂದರೆ ನಮ್ಮ ಮೈ ಮೂವತ್ತೇಳು. ಅಕ್ಕಿಯ ಆ ಬ್ಯಾಕ್ಟೀರಿಯಾಕ್ಕೆ ಇಪ್ಪತ್ತಮೂರು ಅಂದರೆ ಆರಾಮದ ಬೆಚ್ಚಗೆ. ಹೊರಗಿನ ಸೆಕೆಯಲ್ಲಿ ಆಗುವಷ್ಟು ಬೇಗ ಆಗುವುದಿಲ್ಲ ನಿಜ. ಮಧ್ಯಾಹ್ನದವರೆಗೆ ಅದು ಸಹಾಯವೇ. ನಲವತ್ತು ಗಂಟೆಗೆ ಸಾಕಾಗುವುದಿಲ್ಲ.

ಆಗ ನಾನು ಕೊನೆಯ ಅಸ್ತ್ರ ತೆಗೆದೆ. "ನಮ್ಮ ಅಜ್ಜಿ ದಿನಾ ತಂಗಳನ್ನ ಉಂಡೇ ತೊಂಬತ್ತು ವರ್ಷ ಬದುಕಿದ್ದಲ್ವಾ?" ಅತ್ತಿಗೆ ನಕ್ಕರು. ತಂಗಳನ್ನ ಬೇರೆ, ಹಳಸಿದ ಅನ್ನ ಬೇರೆ ಅಂದರು. ಅಜ್ಜಿ ರಾತ್ರಿ ಉಳಿದ ಅನ್ನ ಮುಳುಗುವ ಹಾಗೆ ನೀರು ಹಾಕಿ ಇಡುತ್ತಿದ್ದರು. ತಣ್ಣೀರು ಬಿದ್ದು ಅನ್ನ ತಟ್ಟನೆ ಆರುತ್ತದೆ. ನೀರಿನಲ್ಲಿ ಮೊಸರಿನ ಜಾತಿಯ ಬ್ಯಾಕ್ಟೀರಿಯಾಗಳು ಬೆಳೆದು ಹುಳಿ ಮಾಡುತ್ತವೆ. ಹುಳಿ ಏರಿದರೆ ಈ ಇನ್ನೊಂದು ಬೆಳೆಯಲಾರದು. ಬೆಳಿಗ್ಗೆ ಏಳಕ್ಕೆ ಮೊಸರು, ಮಾವಿನ ಮಿಡಿ ಹಾಕಿ ಉಂಡು ಮುಗಿಸುತ್ತಿದ್ದರು. ಹತ್ತು ಹನ್ನೆರಡು ಗಂಟೆಯ ಮಾತು ಅದು. ಎರಡು ದಿನ ಯಾರೂ ಇಡುತ್ತಿರಲಿಲ್ಲ. ಬುತ್ತಿಯಲ್ಲಿ ಮುಳುಗುವಷ್ಟು ನೀರಿಲ್ಲ, ಹುಳಿ ಇಲ್ಲ, ಅನ್ನ ಬಿಸಿಯಲ್ಲೇ ಬಾಯಿ ಮುಚ್ಚಿಕೊಂಡು ಕೂತಿದೆ. ಅಜ್ಜಿಯನ್ನು ಸಾಕ್ಷಿಗೆ ಕರೆಯುವ ಹಾಗಿಲ್ಲ.

ಹೀಗೆ ದಿನೇಶ ಉಣ್ಣುವ ಪುಟವನ್ನು ಹರಿದೆ. ಹರಿದ ಮೇಲೆ ಅರ್ಥವಾಯಿತು, ಅದು ಸುಲಭದ ದಾರಿಯಾಗಿತ್ತು. ಅವನು ಉಂಡುಬಿಟ್ಟರೆ ಬುತ್ತಿ ಅವನದಾಗುತ್ತದೆ. ಉಣ್ಣದಿದ್ದರೆ ಅದು ಅವಳದೇ ಆಗಿ ಉಳಿಯುತ್ತದೆ, ಮತ್ತೆ ಅವನು ಅವಳ ಬಗ್ಗೆ ಯೋಚಿಸಲೇಬೇಕು.

ಈಗ ಬುತ್ತಿ ತೆರೆಯೋಣ.

ಕ್ಲಿಪ್ಪು ಬಿಡಿಸಿ ಮೇಲಿನ ಮುಚ್ಚಳ ಎತ್ತುವಾಗ ಟುಸ್ ಅಂತ ಸಣ್ಣ ಗಾಳಿ ಹೊರಗೆ ಬರುತ್ತದೆ. ಮೇಲಿನ ಅಂತಸ್ತಿನಲ್ಲಿ ಒಣ ಸಿಗಡಿ ಚಟ್ನಿ. ಒಣ ಸಿಗಡಿ, ತೆಂಗಿನತುರಿ ಎರಡನ್ನೂ ಕೆಂಪಗೆ ಹುರಿದು ಮಾಡಿದ್ದು, ಉದುರು ಉದುರು. ಅದರ ವಾಸನೆ ಇನ್ನೂ ಘಮ್ ಅನ್ನುತ್ತದೆ. ಉಪ್ಪು ಜಾಸ್ತಿ, ನೀರು ಕಡಿಮೆ, ಹಾಗಾಗಿ ಅದು ಬೇಗ ಕೆಡುವುದಿಲ್ಲ. ಮೋಸ ಮಾಡುವುದು ಇದೇ. ಮೇಲಿನ ಅಂತಸ್ತು ಚೆನ್ನಾಗಿದ್ದರೆ ಕೆಳಗಿನದ್ದೂ ಚೆನ್ನಾಗಿದೆ ಅಂತ ಮನಸ್ಸು ಹೇಳುತ್ತದೆ.

ನಡುವಿನ ಅಂತಸ್ತಿನಲ್ಲಿ ಸೌತೆಕಾಯಿ, ಹಲಸಿನ ಬೀಜ ಹಾಕಿದ ಕೊದ್ದೆಲ್. ಇದಕ್ಕೆ ನಾನು ಒಂದು ವಾರ ಕೊಟ್ಟಿದ್ದೇನೆ. ಕೊದ್ದೆಲ್‌ಗೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಬೆಳಿಗ್ಗೆ ಬಿಸಿಯಲ್ಲಿ ಆ ಎಣ್ಣೆ ಮೇಲೆ ತೇಲುತ್ತಿರುತ್ತದೆ. ತೆಂಗಿನೆಣ್ಣೆ ಗಟ್ಟಿಯಾಗುವುದು ಸುಮಾರು ಇಪ್ಪತ್ತನಾಲ್ಕು ಡಿಗ್ರಿಯ ಕೆಳಗೆ. ನಮ್ಮ ಮನೆಗಳಲ್ಲಿ ಅದು ವರ್ಷದ ಹೆಚ್ಚಿನ ದಿನ ನೀರಿನಂತೆಯೇ ಇರುತ್ತದೆ, ಡಿಸೆಂಬರ್, ಜನವರಿಯ ಕೆಲವು ಬೆಳಿಗ್ಗೆ ಮಾತ್ರ ಬಾಟಲಿಯಲ್ಲಿ ಬಿಳಿ ಕಟ್ಟುತ್ತದೆ. ಎಸಿ ಆಫೀಸಿನ ಡ್ರಾಯರಿನಲ್ಲಿ ಜುಲೈಯಲ್ಲೇ ಕಟ್ಟುತ್ತದೆ. ದಿನೇಶ ನೋಡುವಾಗ ಕೊದ್ದೆಲ್ ಮೇಲೆ ಬಿಳಿಯ ತೆಳು ಕೆನೆ. ಅಂಚಿನಿಂದ ಅಂಚಿಗೆ ಒಂದೂ ಬಿರುಕಿಲ್ಲ. ಅದರೊಳಗೆ ಕಂದು ಬೆಳ್ಳುಳ್ಳಿ ಎಸಳು, ಒಂದು ಕರಿಬೇವಿನ ಎಲೆ ಸಿಕ್ಕಿಕೊಂಡಿವೆ.

ಆ ಕೆನೆ ಕತೆಯ ಅರ್ಧವನ್ನು ಹೇಳುತ್ತದೆ. ಯಾರಾದರೂ ಮಧ್ಯಾಹ್ನ ಒಂದು ಸೌಟು, ಒಂದು ಚಮಚ ಅದ್ದಿದ್ದರೆ ಅಂಚಿನ ಮೇಲೆ ಗುರುತು ಬೀಳುತ್ತಿತ್ತು. ಬದಿಗೆ ಎಣ್ಣೆಯ ಗೆರೆ ಇರುತ್ತಿತ್ತು. ಇಲ್ಲ. ಚಮಚ ಇನ್ನೂ ಕಾಗದದಲ್ಲಿ ಸುತ್ತಿದೆ. ನೀರಿನ ಬಾಟಲಿ ತುಂಬಿದೆ. ಅಂದರೆ ಮಂಗಳವಾರ ಊಟದ ಹೊತ್ತಿಗೆ ಮೊದಲೇ ಅವಳು ಎದ್ದು ಹೋಗಿದ್ದಾಳೆ. ಬುತ್ತಿ ಎತ್ತಿಕೊಳ್ಳಲೂ ನೆನಪಿರಲಿಲ್ಲ. ಬುಧವಾರ ಬಂದಿಲ್ಲ, ಕುರ್ಚಿ ಇಳಿದಿಲ್ಲ. ಇದನ್ನೆಲ್ಲ ನಾನು ದಿನೇಶನ ಬಾಯಲ್ಲಿ ಹೇಳಿಸಲಿಲ್ಲ. ಮೊದಲು ಹೇಳಿಸಿದ್ದೆ, ಆಮೇಲೆ ತೆಗೆದೆ. ಕೆನೆ ಒಡೆದಿಲ್ಲ ಅಂತ ಬರೆದು ಬಿಟ್ಟೆ. ಅಡುಗೆ ಮಾಡುವವರು, ಬುತ್ತಿ ಕಟ್ಟುವವರು ಅದನ್ನು ಓದುತ್ತಾರೆ ಅಂತ ನನಗೆ ನಂಬಿಕೆ.

ಕೆಳಗಿನ ಅಂತಸ್ತು ಅನ್ನ. ಕುಚ್ಚಲಕ್ಕಿ. ನಮ್ಮಲ್ಲಿ ಕುಚ್ಚಲಕ್ಕಿ ಅನ್ನ ಬೇಗ ಹಳಸುವುದಿಲ್ಲ ಅಂತ ಒಂದು ಮಾತು ಉಂಟು. ಭತ್ತವನ್ನೇ ಬೇಯಿಸಿ ಒಣಗಿಸಿ ಅಕ್ಕಿ ಮಾಡುವುದರಿಂದ ಅನ್ನದ ಕಾಳು ಗಟ್ಟಿ, ಬಿಡಿ ಬಿಡಿ. ಮೆತ್ತಗಾಗುವುದು ನಿಧಾನ. ಹಾಗಾಗಿ ನೋಡಲು ಚೆನ್ನಾಗಿಯೇ ಕಾಣುತ್ತದೆ. ದಿನೇಶ ಬೆರಳ ತುದಿಯಲ್ಲಿ ನಾಲ್ಕು ಕಾಳು ಎತ್ತುತ್ತಾನೆ. ಕಾಳಿನ ಜೊತೆ ಜೇಡನ ಎಳೆಯಂಥ ಲೋಳೆ ಎದ್ದು ಬರುತ್ತದೆ. ಮೂಗಿನ ಹತ್ತಿರ ತಂದಾಗ ಮೊದಲು ಸಿಹಿ ವಾಸನೆ, ಅದರ ಹಿಂದೆ ಹುಳಿ.

ಈ ಜಾಗದಲ್ಲಿ ನಾನು ಮೊದಲು ಬರೆದಿದ್ದ ವಾಕ್ಯ: "ಊಟ ಕೆಟ್ಟಿತ್ತು." ಅದನ್ನು ನೋಡಿ ನನಗೇ ಬೇಸರವಾಯಿತು. ಕನ್ನಡದಲ್ಲಿ ಎಲ್ಲವೂ ಒಂದೇ ರೀತಿ ಕೆಡುವುದಿಲ್ಲ. ಅನ್ನ ಹಳಸುತ್ತದೆ. ಹಾಲು ಒಡೆಯುತ್ತದೆ. ಹಿಟ್ಟು ಹುಳಿಯುತ್ತದೆ. ಮೀನು ಕೊಳೆಯುತ್ತದೆ. ಹಪ್ಪಳಕ್ಕೆ, ಉಪ್ಪಿನಕಾಯಿಗೆ ಬೂಸ್ಟು ಬರುತ್ತದೆ. ಹಳೆಯ ಎಣ್ಣೆ ಕನರು ವಾಸನೆ ಹೊಡೆಯುತ್ತದೆ. ಪ್ರತಿ ಮಾತಿನಲ್ಲೂ ಒಂದು ವಾಸನೆ, ಒಂದು ಮುಟ್ಟುವ ಅನುಭವ ಇದೆ. ಮೂರು ಅಂತಸ್ತಿಗೂ ಮೂರು ಬೇರೆ ಮಾತು ಬೇಕು. ಚಟ್ನಿ ಹಾಗೇ ಇತ್ತು. ಕೊದ್ದೆಲ್ ಹುಳಿದಿತ್ತು, ಕೆನೆಯನ್ನು ಒಡೆದಾಗ ಅಡಿಯಿಂದ ಗುಳ್ಳೆ ಎದ್ದವು. ಅನ್ನ ಹಳಸಿತ್ತು. ಈಗ ಕತೆಯಲ್ಲಿ ಹೀಗಿದೆ.

ಊಟದ ಪಟ್ಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಸಿಗಡಿ ಚಟ್ನಿಯ ಜಾಗದಲ್ಲಿ ಮೊದಲು ಬಂಗುಡೆ ಪುಳಿಮುಂಚಿ ಇತ್ತು. ಮಂಗಳೂರು ಅಂದ ಕೂಡಲೇ ಕೈ ಅದನ್ನೇ ಬರೆಯುತ್ತದೆ. ಓದಿದ ಪಕ್ಕದ ಮನೆಯ ಅಕ್ಕ "ಜುಲೈಯಲ್ಲಿ ಬಂಗುಡೆ ಎಲ್ಲಿಂದ ಬಂತು ಮಾರಾಯ್ರೆ?" ಅಂತ ಕೇಳಿದರು. ಹೌದಲ್ಲ! ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ ಅದು. ನಾಡದೋಣಿಯವರು ಸಮುದ್ರ ಸ್ವಲ್ಪ ತಣ್ಣಗಾದಾಗ ಹೋಗುತ್ತಾರೆ, ಮಂಜುಗಡ್ಡೆಯ ಮೀನೂ ಹೊರಗಿನಿಂದ ಬರುತ್ತದೆ. ಆದರೆ ರೇಟು ಕೇಳಿದರೆ ತಿಂಗಳ ಸಂಬಳದವರು ಮಂಗಳವಾರದ ಬುತ್ತಿಗೆ ಹಾಕುವುದಿಲ್ಲ. ಆ ಎರಡು ತಿಂಗಳಿಗೆ ಅಂತಲೇ ಬೇಸಿಗೆಯಲ್ಲಿ ಮೀನು, ಸಿಗಡಿ ಒಣಗಿಸಿ ಡಬ್ಬಿಗೆ ತುಂಬುತ್ತಾರೆ. ಸೌತೆಕಾಯಿಯನ್ನು ಬಾಳೆನಾರಿನಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ ಮಾಡಿಗೆ ನೇತು ಹಾಕುತ್ತಾರೆ. ಹಲಸಿನ ಬೀಜವನ್ನು ಮಣ್ಣು ಮೆತ್ತಿ ಇಡುತ್ತಾರೆ. ಬಂಗುಡೆ ತೆಗೆದು ಇವುಗಳನ್ನು ಹಾಕಿದ ಮೇಲೆ ಆ ಹೆಂಗಸಿಗೆ ಒಂದು ಮನೆ ಬಂತು. ಮಾಡು ಇರುವ ಮನೆ, ಮಳೆಗಾಲಕ್ಕೆ ಎತ್ತಿಟ್ಟುಕೊಳ್ಳುವ ಒಬ್ಬ ಹಿರಿಯ ಹೆಂಗಸು ಇರುವ ಮನೆ. ನಾನು ಆ ಮನೆಯನ್ನು ಕತೆಯಲ್ಲಿ ಎಲ್ಲೂ ವರ್ಣಿಸಿಲ್ಲ.

ಮುಂದೆ ಹೋಗೋಣ. ಶುಕ್ರವಾರ ಆಫೀಸಿನಲ್ಲಿ ಜಿರಳೆಗೆ ಔಷಧಿ ಹೊಡೆಯುತ್ತಾರೆ. ಅದಕ್ಕೆ ಮೊದಲು ಡ್ರಾಯರುಗಳನ್ನು ಖಾಲಿ ಮಾಡುತ್ತಾರೆ. ಊಟ ಸಿಕ್ಕಿದರೆ ಡಬ್ಬಿ ಸಮೇತ ಕಸಕ್ಕೆ. ಆ ನಿಯಮದ ಚೀಟಿ ಗೋಡೆಯ ಮೇಲೆ ಇದೆ. ದಿನೇಶ ಬುತ್ತಿ ಹಿಡಿದುಕೊಂಡು ಪ್ಯಾಂಟ್ರಿಗೆ ಹೋಗುತ್ತಾನೆ. ಅಲ್ಲಿ ರಾತ್ರಿಯ ವಾಚ್‌ಮನ್ ಚಹಾ ಕುಡಿಯುತ್ತಾ ನಿಂತಿದ್ದಾರೆ. ವಯಸ್ಸಾದವರು.

"ವನಸ್ ಆಂಡಾ?" ಅಂತ ತುಳುವಿನಲ್ಲಿ ಕೇಳುತ್ತಾರೆ. ಊಟ ಆಯ್ತಾ ಅಂತ. ಮಧ್ಯರಾತ್ರಿಯಾದರೂ ನಮ್ಮಲ್ಲಿ ಮೊದಲ ಮಾತು ಅದೇ.

"ಆಯ್ತು ಅಣ್ಣ. ಇದು ಯಾರದ್ದೋ ಬುತ್ತಿ. ನಿನ್ನೆಯದ್ದು."

"ಬಿಸಾಡು ಮಾರಾಯ. ಎಂತಕ್ಕೆ ಹಿಡ್ಕೊಂಡು ಬಂದದ್ದು?"

"ಪಾತ್ರೆ ಒಳ್ಳೇದುಂಟು."

ಅನ್ನ, ಕೊದ್ದೆಲ್ ಎರಡನ್ನೂ ಹಳೆಯ ಪೇಪರಿಗೆ ಸುರಿದು, ಮಡಚಿ, ಹಸಿ ಕಸದ ಡಬ್ಬಿಗೆ ಹಾಕುತ್ತಾನೆ. ಸಿಂಕಿಗೆ ಚೆಲ್ಲುವುದಿಲ್ಲ. ಗಟ್ಟಿಯಾದ ಎಣ್ಣೆ ಪೈಪಿನಲ್ಲಿ ಕೂತರೆ ನೀರು ನಿಲ್ಲುತ್ತದೆ, ಅವನಿಗೆ ಅದು ಗೊತ್ತು. ಚಟ್ನಿಯನ್ನು ಮಾತ್ರ ಎಸೆಯಲು ಒಂದು ಗಳಿಗೆ ಹಿಂದೆಮುಂದೆ ನೋಡುತ್ತಾನೆ. ಆಮೇಲೆ ಅದನ್ನೂ ಹಾಕುತ್ತಾನೆ.

ತೊಳೆಯುವ ಭಾಗ ಕತೆಯಲ್ಲಿ ಒಂದೂವರೆ ಪುಟ ಇದೆ. ಜಾಸ್ತಿ ಆಯಿತು ಅಂತ ಕೆಲವರು ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಇನ್ನೊಬ್ಬರ ಹಳಸಿದ ಅನ್ನವನ್ನು ತೊಳೆಯುವುದು ಸಣ್ಣ ಕೆಲಸ ಅಲ್ಲ, ಅದು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಓದುಗರೂ ಅಲ್ಲಿ ನಿಲ್ಲಬೇಕು. ಅನ್ನದ ಲೋಳೆಗೆ ಮೊದಲೇ ಬಿಸಿನೀರು ಹಾಕಬಾರದು, ಗಂಜಿ ಬೆಂದು ಪಾತ್ರೆಗೆ ಅಂಟುತ್ತದೆ. ತಣ್ಣೀರಿನಲ್ಲಿ ನೆನೆಸಿಟ್ಟು, ಜಾರಿ ಹೋದ ಮೇಲೆ ಸಾಬೂನು. ಎಣ್ಣೆಯ ಅಂತಸ್ತಿಗೆ ಇದರ ತಿರುಗುಮುರುಗು. ಅಲ್ಲಿ ಮೊದಲೇ ಬಿಸಿನೀರು ಬೇಕು, ಇಲ್ಲದಿದ್ದರೆ ಬಿಳಿ ಕೆನೆ ಸುಮ್ನೆ ಸವರಿಕೊಂಡು ತಿರುಗುತ್ತದೆ. ಪ್ಯಾಂಟ್ರಿಯಲ್ಲಿ ನೀರಿನ ಮೆಷಿನ್ ಇದೆ, ಕೆಂಪು ನಲ್ಲಿಯ ನೀರು ಹಿಡಿಯುತ್ತಾನೆ.

ಎಲ್ಲ ತೊಳೆದರೂ ವಾಸನೆ ಹೋಗುವುದಿಲ್ಲ. ಮೂಗಿಗೆ ಹಿಡಿದು ನೋಡುತ್ತಾನೆ, ಸ್ಟೀಲಿನಲ್ಲಿ ವಾಸನೆ ಇಲ್ಲ. ಮುಚ್ಚಳದಲ್ಲಿದೆ. ಮುಚ್ಚಳದ ಒಳಗಿನ ರಬ್ಬರ್ ರಿಂಗ್. ಚಮಚದ ಹಿಡಿಯಿಂದ ಎಬ್ಬಿಸಿದಾಗ ಅದರ ಹಿಂದಿನ ಸಂದಿಯಲ್ಲಿ ಬೂದು ಬಣ್ಣದ ಲೋಳೆಯ ಒಂದು ಗೆರೆ. ಅದು ಬರೀ ಎರಡು ದಿನದ್ದಲ್ಲ. ದಿನಾ ತೊಳೆಯುವವರೂ ಆ ರಿಂಗನ್ನು ಬಿಚ್ಚುವುದಿಲ್ಲ. ಬೆಳಿಗ್ಗೆ ಗಡಿಬಿಡಿಯಲ್ಲಿ ತೊಳೆದು, ತುಂಬಿಸಿ, ಬಸ್ಸಿಗೆ ಓಡುವ ಮನೆಯಲ್ಲಿ ಯಾರು ಬಿಚ್ಚುತ್ತಾರೆ? ನಿಮ್ಮ ಮನೆಗೆ ಹೋಗಿ ಒಂದು ರಿಂಗ್ ಎಬ್ಬಿಸಿ ನೋಡಿ. ವಾರಕ್ಕೆ ಒಮ್ಮೆ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಿದರೆ ಬುತ್ತಿಯ ಹಳೇ ವಾಸನೆ ಅರ್ಧಕ್ಕರ್ಧ ಹೋಗುತ್ತದೆ. ದಿನೇಶ ಅದನ್ನು ಬೆರಳಿನಿಂದ ಉಜ್ಜಿ ತೊಳೆದು ಟಿಶ್ಯೂ ಮೇಲೆ ಹರಡುತ್ತಾನೆ.

ಅಂತಸ್ತುಗಳನ್ನು ಕವುಚಿ ಇಡುವಾಗ ಕೆಳಗಿನ ಪಾತ್ರೆಯ ತಳದಲ್ಲಿ ಅಕ್ಷರ ಕಾಣುತ್ತದೆ. ಪಾತ್ರೆ ಅಂಗಡಿಯವರು ಮೆಷಿನ್ ಸೂಜಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದು ಕೊಡುತ್ತಾರಲ್ಲ, ಹಾಗೆ. "ಸರೋಜ 12-5-96". ಮೇ ತಿಂಗಳು. ನಮ್ಮಲ್ಲಿ ಅದು ಮದುವೆಯ ಕಾಲ. ಉಡುಗೊರೆ ಕೊಡುವಾಗ ಹೆಸರು, ತಾರೀಕು ಹಾಕಿಸಿ ಕೊಡುವುದು ವಾಡಿಕೆ. ದಿನೇಶ ಹುಟ್ಟಿದ್ದು ಅದಾದ ಮೇಲೆ. ಇಷ್ಟು ದಿನ ಮಲ್ಲಿಗೆ ನೋಡಿ ಅವನು ಮನಸ್ಸಿನಲ್ಲಿ ತನ್ನ ವಯಸ್ಸಿನ ಹುಡುಗಿಯನ್ನು ಕೂರಿಸಿಕೊಂಡಿದ್ದ. ಈಗ ಗೊತ್ತಾಗುವುದಿಲ್ಲ. ಸರೋಜ ಅವಳೇ ಇರಬಹುದು, ಐವತ್ತು ದಾಟಿದವಳು, ಗಂಡು ಮಕ್ಕಳ ಫೀಸಿಗೆ ದುಡಿಯುವವಳು. ಅವಳ ಅಮ್ಮ ಇರಬಹುದು, ಬೆಳಿಗ್ಗೆ ಐದಕ್ಕೆ ಎದ್ದು ಹಲಸಿನ ಬೀಜ ಸುಲಿದವರು. ಮಂಗಳವಾರ ಅವಳು ಎದ್ದು ಹೋದದ್ದು ಯಾರಿಗೆ ಏನಾಗಿ?

ಈ ಹೆಸರು ಇಡಬೇಕಾ ಬೇಡವಾ ಅಂತ ನಾನು ತುಂಬ ಯೋಚಿಸಿದ್ದೇನೆ. ಹೆಸರು ಸಿಕ್ಕರೆ ದಿನೇಶ ಆಫೀಸಿನಲ್ಲಿ ವಿಚಾರಿಸಬಹುದು, ಕತೆ ಬೇರೆ ಕಡೆ ಹೋಗುತ್ತದೆ. ಆದರೆ ಪಾತ್ರೆಯ ಮೇಲಿನ ಹೆಸರು ತಂದುಕೊಂಡವರ ಹೆಸರೇ ಆಗಬೇಕು ಅಂತಿಲ್ಲ. ನನ್ನ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಯಾರದೋ ಗೃಹಪ್ರವೇಶ, ಎಲ್ಲರ ಹೆಸರಿನ ಲೋಟಗಳೂ ಇವೆ. ಹಾಗಾಗಿ ಇಟ್ಟೆ.

ಪಾತ್ರೆ ಒರೆಸಿ ಮುಚ್ಚಲು ಹೊರಟಾಗ ವಾಚ್‌ಮನ್ ಹೇಳುತ್ತಾರೆ, "ಖಾಲಿ ಇಡಬೇಡ."

"ಎಂತ?"

"ಹೆಂಗಸರ ಪಾತ್ರೆ ಅದು. ಖಾಲಿ ಹಿಂದೆ ಕೊಡ್ಲಿಕ್ಕಿಲ್ಲ. ಏನಾದ್ರೂ ಹಾಕಿಡು."

ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆಯನ್ನು ಅಮ್ಮ ಹಾಗೇ ಕೊಟ್ಟು ಬಾ ಅಂತ ಯಾವತ್ತೂ ಹೇಳಿದ್ದಿಲ್ಲ. ಒಂದು ಹಿಡಿ ಅಕ್ಕಿ, ಸಕ್ಕರೆ, ಹಿತ್ತಲಿನ ನಾಲ್ಕು ಬೆಂಡೆಕಾಯಿ, ಏನೂ ಇಲ್ಲದಿದ್ದರೆ ಒಂದು ಹೂವು. ಮೊದಲ ಬರವಣಿಗೆಯಲ್ಲಿ ವಾಚ್‌ಮನ್ ತಮ್ಮ ಜೇಬಿನಿಂದ ಒಂದು ತುಂಡು ಬೆಲ್ಲ ಕೊಡುತ್ತಿದ್ದರು. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವ ಊರು ನಮ್ಮದು, ಚೆನ್ನಾಗಿ ಕೂತಿತ್ತು. ಆದರೆ ಜುಲೈಯ ಥಂಡಿಗೆ ಬೆಲ್ಲ ನೀರೊಡೆಯುತ್ತದೆ. ನಾನೇ ಒಂದು ತುಂಡನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನೋಡಿದೆ. ಮೂರನೆಯ ದಿನ ಅಡಿಯಲ್ಲಿ ಕಂದು ಪಾಕ ಅಂಟಿತ್ತು. ಅಷ್ಟು ಕಷ್ಟಪಟ್ಟು ತೊಳೆದ ಪಾತ್ರೆ ಮತ್ತೆ ಜಿಗುಟು. ಅವಳು ಯಾವಾಗ ಬರುತ್ತಾಳೆ ಅಂತ ಗೊತ್ತಿಲ್ಲದೆ ಇಡುವ ವಸ್ತು ಕಾಯುವಂಥದ್ದು ಇರಬೇಕು. ಕಾಫಿ ಮೆಷಿನಿನ ಪಕ್ಕದಲ್ಲಿ ಸಕ್ಕರೆಯ ಸಣ್ಣ ಪ್ಯಾಕೆಟ್‌ಗಳು ಇರುತ್ತವೆ. ದಿನೇಶ ಎರಡು ಎತ್ತಿಕೊಳ್ಳುತ್ತಾನೆ. ಒಂದು ಎತ್ತಿ, ಸ್ವಲ್ಪ ಯೋಚಿಸಿ ಇನ್ನೊಂದನ್ನೂ.

ಪಾತ್ರೆಯನ್ನು ಅವನು ಕೂಡಲೇ ಮುಚ್ಚುವುದಿಲ್ಲ. ಒದ್ದೆಯಲ್ಲಿ ಮುಚ್ಚಿದರೆ ಮುಗ್ಗಲು ಹಿಡಿಯುತ್ತದೆ. ಬೆಳಗಿನ ಜಾವದವರೆಗೆ ಮೇಜಿನ ಮೇಲೆ, ಎಸಿಯ ಗಾಳಿಗೆ ಬಿಡಿಸಿಟ್ಟು, ಐದೂಮುಕ್ಕಾಲಿಗೆ ರಿಂಗ್ ಕೂರಿಸಿ, ಸಕ್ಕರೆ ಹಾಕಿ, ಕ್ಲಿಪ್ಪು ಹಾಕುತ್ತಾನೆ. ಡ್ರಾಯರಿನಲ್ಲಿ ಅದೇ ಜಾಗದಲ್ಲಿ ಇಡುತ್ತಾನೆ. "ಖಾಲಿ ಬುತ್ತಿ, ತೊಳೆದಿದೆ, ಎಸೆಯಬೇಡಿ" ಅಂತ ಔಷಧಿ ಹೊಡೆಯುವವರಿಗೆ ಒಂದು ಚೀಟಿ ಅಂಟಿಸುತ್ತಾನೆ. ಆಮೇಲೆ "ಖಾಲಿ" ಅನ್ನೋದನ್ನು ಹೊಡೆದು ಹಾಕುತ್ತಾನೆ. ಮಳೆಯಲ್ಲಿ ಸುರತ್ಕಲ್ ಬಸ್ಸು ಹತ್ತುತ್ತಾನೆ.

ಅವಳಿಗೆ ಏನಾಯಿತು ಅಂತ ಓದಿದವರೆಲ್ಲ ಕೇಳುತ್ತಾರೆ. ನನಗೆ ಒಂದು ಊಹೆ ಇದೆ, ಅದನ್ನು ಕತೆಯಲ್ಲಿ ಬರೆದಿಲ್ಲ, ಇಲ್ಲೂ ಹೇಳುವುದಿಲ್ಲ. ದಿನೇಶನಿಗೆ ಗೊತ್ತಾಗದ್ದನ್ನು ನಾನು ಅವನ ಬೆನ್ನ ಹಿಂದೆ ನಿಮಗೆ ಹೇಳಿದರೆ ಅದು ಅವನಿಗೆ ಮಾಡುವ ಮೋಸ. ಅವನಿಗೆ ಸಿಕ್ಕಿದ್ದಷ್ಟೇ ನಿಮಗೂ. ಕೊನೆಯ ಭಾಗವನ್ನು ಬರೆದ ಹಾಗೇ ಓದುತ್ತೇನೆ.

"ಗುರುವಾರ ಕುರ್ಚಿ ಹಾಗೇ ಇತ್ತು. ಶುಕ್ರವಾರವೂ. ಆಫೀಸಿನಲ್ಲಿ ಔಷಧಿಯ ವಾಸನೆ. ಡ್ರಾಯರಿನ ಮೇಲೆ ಚೀಟಿ ಇತ್ತು. ಶನಿವಾರ, ಭಾನುವಾರ ರಜೆ. ಸೋಮವಾರ ರಾತ್ರಿ ಬಸ್ಸು ತಡವಾಯಿತು. ಒಂಬತ್ತೂ ಹತ್ತಕ್ಕೆ ಓಡುತ್ತಾ ಬಂದು, ಬ್ಯಾಗು ಇಟ್ಟು, ದಿನೇಶ ಕೂತ. ಮೊಣಕಾಲು ಮೇಜಿಗೆ ತಾಗಿತು. ಕುರ್ಚಿ ಕೆಳಗಿತ್ತು. ಅವನು ಕೂಡಲೇ ಎತ್ತರಿಸಲಿಲ್ಲ. ಮೊಣಕಾಲು ಮಡಚಿಕೊಂಡು, ಹಾಗೇ ಸ್ವಲ್ಪ ಹೊತ್ತು ಕೂತಿದ್ದ."